ಹಳೇ ಫೋಟೋದ ಮೂಲೆಯ ತಾರೀಕು: ಪ್ಯಾಚ್‌ನಿಂದ ತುಂಬಿಸುವುದಾ, ಡಿಫ್ಯೂಷನ್‌ನಿಂದ ಬರೆಸುವುದಾ?

ಪ್ರಶ್ನೆ: ನಾವು ಡೊಂಬಿವಲಿಯವರು. ಅಪ್ಪ ಮುಂಬಯಿಯಲ್ಲಿ ಯಕ್ಷಗಾನ ಮಾಡುತ್ತಿದ್ದ ಕಾಲದ ಸುಮಾರು 200 ಫೋಟೋ ಸ್ಕ್ಯಾನ್ ಮಾಡಿಸಿದ್ದೇನೆ. ಹೆಚ್ಚಿನವುಗಳ ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಕು ಇದೆ. ಅದನ್ನು ತೆಗೆಯಲು ಒಬ್ಬರು ಡಿಫ್ಯೂಷನ್ ಇನ್‌ಪೇಂಟಿಂಗ್ ಅಂದರು, ಇನ್ನೊಬ್ಬರು ಹಳೇ ಪ್ಯಾಚ್ ವಿಧಾನವೇ ಸಾಕು ಅಂದರು. ಎರಡಕ್ಕೂ ವ್ಯತ್ಯಾಸ ಏನು? ಇಷ್ಟು ಸಣ್ಣ ಅಕ್ಷರಕ್ಕೆ ಯಾವುದು ಸರಿ? ಒಂದು ಸ್ಕ್ಯಾನ್ ಜೊತೆಗೆ ಕಳಿಸಿದ್ದೇನೆ.

ಉತ್ತರ:

ಪ್ಯಾಚ್ ವಿಧಾನದಿಂದಲೇ ಶುರು ಮಾಡಿ. ನೀವು ಕಳಿಸಿದ ಫೋಟೋದಲ್ಲಿ ತಾರೀಕಿನ ಮುಕ್ಕಾಲು ಪಾಲು ಅದರಿಂದಲೇ ಚೆನ್ನಾಗಿ ಹೋಗುತ್ತದೆ. ಉಳಿದ ಕಾಲು ಪಾಲಿಗೆ ಡಿಫ್ಯೂಷನ್ ಬೇಕಾಗಬಹುದು. ಆದರೆ ಆ ಕಾಲು ಪಾಲಿನಲ್ಲೇ ಅದು ಸುಳ್ಳು ಬರೆಯುವ ಅಪಾಯವೂ ಜಾಸ್ತಿ. ಯಾಕೆ ಅನ್ನುವುದನ್ನು ನಿಮ್ಮ ಫೋಟೋವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಮೊದಲು ಒಂದು ಗೊಂದಲ ಕಳೆದುಬಿಡೋಣ. 'ಡಿಫ್ಯೂಷನ್' ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. 2000ನೇ ಇಸವಿಯಲ್ಲಿ ಬೆರ್ಟಾಲ್ಮಿಯೊ ಮತ್ತು ಸಂಗಡಿಗರು ತಂದ ವಿಧಾನದಲ್ಲಿ ತೆಗೆದ ಜಾಗದ, ಅಂದರೆ ತೂತಿನ, ಅಂಚಿನ ಬಣ್ಣ ಮೆಲ್ಲಗೆ ಒಳಗೆ ಹರಡುತ್ತದೆ. ಒದ್ದೆ ಬಟ್ಟೆಯಲ್ಲಿ ಶಾಯಿ ಹರಡಿದ ಹಾಗೆ. ಅದನ್ನೂ ಹಳಬರು ಡಿಫ್ಯೂಷನ್ ಅಂತಲೇ ಕರೆಯುತ್ತಿದ್ದರು. ಓಪನ್‌ಸಿವಿ ಅನ್ನುವ, ಚಿತ್ರಗಳ ಮೇಲೆ ಕೆಲಸ ಮಾಡುವ ಕೋಡ್ ಗ್ರಂಥಾಲಯದ `cv2.inpaint` ಕೂಡ ಇದೇ ಬಳಗದ್ದು. ಅದು ತೆಳು ಗೀರಿಗೆ ಸಾಕು. ಫಿಲ್ಮಿನ ಕಾಳುಕಾಳು ಇರುವ ಕಡೆ ಅದನ್ನು ಹಾಕಿದರೆ ಬೆರಳಿನಿಂದ ಸವರಿದ ಹಾಗೆ ಒಂದು ನುಣುಪು ಕಲೆ ಉಳಿಯುತ್ತದೆ. ನಿಮಗೆ ಡಿಫ್ಯೂಷನ್ ಅಂದವರು ಹೇಳಿದ್ದು ಇದನ್ನಲ್ಲ. ಈಚಿನ, ಕಲಿತು ಚಿತ್ರ ಬರೆಯುವ ಮಾದರಿಗಳನ್ನು. ಮುಂದೆ ನಾನು ಡಿಫ್ಯೂಷನ್ ಅಂದಾಗಲೂ ಅದನ್ನೇ ಹೇಳುತ್ತಿರುತ್ತೇನೆ.

ಈಗ ಪ್ಯಾಚ್ ವಿಧಾನ. ನಮ್ಮ ಕಡೆ ರಫು ಮಾಡುವವರನ್ನು ನೀವು ನೋಡಿರುತ್ತೀರಿ. ಪ್ಯಾಂಟಿಗೆ ತೂತು ಬಿದ್ದರೆ ಅವರು ಅಂಗಡಿಯಿಂದ ಹೊಸ ನೂಲು ತರುವುದಿಲ್ಲ. ಅದೇ ಪ್ಯಾಂಟಿನ ಒಳಮಡಿಕೆಯಿಂದ ಎಳೆ ಬಿಚ್ಚಿ, ಆ ಎಳೆಯಿಂದಲೇ ತೂತು ನೇಯುತ್ತಾರೆ. ಬಣ್ಣ, ದಪ್ಪ, ಮಾಸಿದ ಪ್ರಮಾಣ ಎಲ್ಲವೂ ತಾನಾಗಿಯೇ ಹೊಂದುತ್ತದೆ. ಪ್ಯಾಚ್ ವಿಧಾನವೂ ಹಾಗೆಯೇ. ತೂತಿನ ಅಂಚಿನಲ್ಲಿ ಒಂದು ಸಣ್ಣ ಚೌಕ ತೆಗೆದುಕೊಳ್ಳುತ್ತದೆ, 9×9 ಪಿಕ್ಸೆಲ್ ಅಂದುಕೊಳ್ಳಿ. ಅದರಲ್ಲಿ ಅರ್ಧ ಗೊತ್ತಿರುವ ಭಾಗ, ಅರ್ಧ ತೂತು. ಗೊತ್ತಿರುವ ಅರ್ಧಕ್ಕೆ ಅತಿ ಹೆಚ್ಚು ಹೋಲುವ ಚೌಕವನ್ನು ಅದೇ ಫೋಟೋದಲ್ಲಿ ಹುಡುಕಿ, ಉಳಿದರ್ಧವನ್ನು ಅಲ್ಲಿಂದ ನಕಲು ಮಾಡುತ್ತದೆ. ಆಮೇಲೆ ಮುಂದಿನ ಚೌಕ.

ಯಾವ ಚೌಕವನ್ನು ಮೊದಲು ತುಂಬಬೇಕು ಅನ್ನುವುದೂ ಮುಖ್ಯ. ಕ್ರಿಮಿನಿಸಿ, ಪೆರೆಜ್, ಟೊಯಾಮಾ 2004ರಲ್ಲಿ ಬರೆದ ವಿಧಾನ ಇಲ್ಲಿ ಜಾಣತನ ತೋರಿಸಿತು. ಗೆರೆ, ಅಂಚು ಬಂದು ತೂತಿಗೆ ತಾಗುವ ಜಾಗವನ್ನು ಅದು ಮೊದಲು ತುಂಬುತ್ತದೆ. ಹಾಗಾಗಿ ಗೆರೆ ಮೊದಲು ಆಚೆ ದಡ ಸೇರುತ್ತದೆ, ಬಯಲು ಜಾಗ ಆಮೇಲೆ ತುಂಬಿಕೊಳ್ಳುತ್ತದೆ. ಇದರ ಕಷ್ಟ ಹುಡುಕಾಟದಲ್ಲಿತ್ತು, ತುಂಬಾ ನಿಧಾನ. 2009ರಲ್ಲಿ ಬಂದ ಪ್ಯಾಚ್‌ಮ್ಯಾಚ್ ಅದನ್ನು ಪರಿಹರಿಸಿತು. ಪಕ್ಕದ ಚೌಕಕ್ಕೆ ಒಳ್ಳೇ ಜೋಡಿ ಸಿಕ್ಕಿದ್ದರೆ ನನಗೂ ಅದರ ಪಕ್ಕದಲ್ಲೇ ಸಿಗಬಹುದು ಅನ್ನುವ ಸರಳ ಊಹೆಯ ಮೇಲೆ ಅದು ನಿಂತಿದೆ. 2010ರ ಫೋಟೋಶಾಪ್ ಸಿಎಸ್5ರಲ್ಲಿ ಬಂದ ಕಂಟೆಂಟ್-ಅವೇರ್ ಫಿಲ್ ಹಿಂದೆ ಇರುವುದು ಇದೇ. ಗಿಂಪ್ ಬಳಸುವವರಿಗೆ ರೀಸಿಂಥಸೈಜರ್ ಅನ್ನುವ ಪ್ಲಗಿನ್ ಇದೆ. ಅದೂ ಇದೇ ಜಾತಿಯದು.

ಡಿಫ್ಯೂಷನ್ ಮಾದರಿಯ ದಾರಿ ಬೇರೆಯೇ. ಅದು ಲೆಕ್ಕವಿಲ್ಲದಷ್ಟು ಫೋಟೋಗಳನ್ನು ನೋಡಿ ಕಲಿತಿರುತ್ತದೆ. ಫೋಟೋಕ್ಕೆ ಸ್ವಲ್ಪ ಸ್ವಲ್ಪವಾಗಿ ಗದ್ದಲ, ಅಂದರೆ ಟಿವಿಯ ಹಳೇ ಚುಕ್ಕಿಮಳೆಯಂಥದ್ದನ್ನು, ಬೆರೆಸುತ್ತಾರೆ. ಆ ಗದ್ದಲವನ್ನು ಗುರುತಿಸಿ ಕಳೆಯುವುದನ್ನು ಅದಕ್ಕೆ ಕಲಿಸುತ್ತಾರೆ. ಕಲಿತ ಮೇಲೆ ತೂತಿನೊಳಗೆ ಬರೀ ಗದ್ದಲ ಹಾಕಿ ಕೊಟ್ಟರೆ, ಸುತ್ತಲಿನದನ್ನು ನೋಡುತ್ತಾ 20–50 ಹೆಜ್ಜೆಗಳಲ್ಲಿ ಅದನ್ನು ತಿಳಿಗೊಳಿಸಿ ಒಂದು ಚಿತ್ರಕ್ಕೆ ತರುತ್ತದೆ. ಇಲ್ಲಿ ನಿಮ್ಮ ಫೋಟೋದಿಂದ ಒಂದು ಪಿಕ್ಸೆಲ್ ಕೂಡ ನಕಲಾಗುವುದಿಲ್ಲ. ಇಂಥ ಕಡೆ ಸಾಮಾನ್ಯವಾಗಿ ಏನಿರುತ್ತದೆ ಅನ್ನುವ ಕಲಿಕೆಯಿಂದ ಅದು ಹೊಸದಾಗಿ ಬರೆಯುತ್ತದೆ. ಮೊದಲಿಗೆ ಹಾಕಿದ ಗದ್ದಲ ಬದಲಾದರೆ ಉತ್ತರವೂ ಬದಲಾಗುತ್ತದೆ.

ಅಂದಮೇಲೆ ಕೇಳಬೇಕಾದ ಪ್ರಶ್ನೆ ಇದು: ಅಕ್ಷರದ ಕೆಳಗೆ ಇದ್ದದ್ದು ಇದೇ ಫೋಟೋದಲ್ಲಿ ಬೇರೆ ಕಡೆ ಇದೆಯಾ? ಇದ್ದರೆ ಪ್ಯಾಚ್. ಇಲ್ಲದಿದ್ದರೆ ಯಾರಾದರೂ ಬರೆಯಲೇಬೇಕು, ಮಾದರಿಯಾದರೂ ಆಗಲಿ, ನಿಮ್ಮ ಕೈಯಾದರೂ ಆಗಲಿ. ಸಣ್ಣ ಅಕ್ಷರದ ಗೆರೆ ತೆಳು. ತೆಳು ಗೆರೆಯ ಕೆಳಗೆ ಇದ್ದದ್ದು ಹೆಚ್ಚಾಗಿ ಪಕ್ಕದಲ್ಲೇ ಮುಂದುವರಿದಿರುತ್ತದೆ. ಪ್ಯಾಚ್ ಮೊದಲು ಅಂತ ನಾನು ಹೇಳುವುದು ಅದಕ್ಕೇ.

ನಿಮ್ಮ ಸ್ಕ್ಯಾನಿಗೆ ಬರುತ್ತೇನೆ. 4×6 ಇಂಚಿನ ಪ್ರಿಂಟು, 600 ಡಿಪಿಐ, ಅಂದರೆ 3600×2400 ಪಿಕ್ಸೆಲ್. ತಾರೀಕಿನ ಅಂಕಿಗಳ ಎತ್ತರ 3 ಮಿಲಿಮೀಟರ್, ಸ್ಕ್ಯಾನಿನಲ್ಲಿ ಸುಮಾರು 70 ಪಿಕ್ಸೆಲ್. ಒಂದೊಂದು ಗೆರೆಯ ದಪ್ಪ ಸುಮಾರು 10 ಪಿಕ್ಸೆಲ್. ಪೂರ್ತಿ ಸಾಲು 590 ಪಿಕ್ಸೆಲ್ ಅಗಲ. '94 11 13 ಅಂತ ಇದೆ. ಮೊದಲ ನಾಲ್ಕು ಅಂಕಿ ರಂಗದ ಮೇಲೆ ಹಾಸಿದ ಬೂದು ಜಮಖಾನದ ಮೇಲಿವೆ. ಅದರ ನಂತರದ 1 ನಿಮ್ಮ ತಂದೆಯವರ ಕಸೆ ಸೀರೆಯ ಚೌಕುಳಿಯ ಮೇಲೆ ಬಿದ್ದಿದೆ. ಕೊನೆಯ 3 ಕಾಲಿನ ಗೆಜ್ಜೆಯ ಮೇಲೆ. ಹೀಗೆ ಒಂದೇ ಸಾಲಿನಲ್ಲಿ ಮೂರು ಬೇರೆ ಬೇರೆ ಸಮಸ್ಯೆಗಳಿವೆ.

ಎಲ್ಲಕ್ಕಿಂತ ಮೊದಲು ಮಾಸ್ಕ್ ಮಾಡಬೇಕು. ಅಂದರೆ ಯಾವ ಪಿಕ್ಸೆಲ್ ತೆಗೆಯಬೇಕು ಅನ್ನುವ ಗುರುತು. ಹತ್ತರಲ್ಲಿ ಎಂಟು ಫೋಟೋ ಕೆಡುವುದು ಇಲ್ಲಿಯೇ ಅಂತ ನನ್ನ ಅನುಭವ. ಈ ತಾರೀಕು ಆಮೇಲೆ ಅಚ್ಚು ಹಾಕಿದ್ದಲ್ಲ. ಕ್ಯಾಮೆರಾದ ಒಳಗಿನ ಪುಟ್ಟ ದೀಪ ಫಿಲ್ಮಿನ ಮೇಲೆ ಬೆಳಕು ಬಿಟ್ಟು ಬರೆದದ್ದು. ಬೆಳಕು ಫಿಲ್ಮಿನಲ್ಲಿ ಸ್ವಲ್ಪ ಹರಡುತ್ತದೆ. ಹಾಗಾಗಿ ಅಂಕಿಯ ಸುತ್ತ ಕೆಂಪು ಮಬ್ಬು ಇರುತ್ತದೆ. ಸ್ಕ್ಯಾನ್ ಜೆಪೆಗ್ ಆಗಿದ್ದರೆ ಇನ್ನೂ ಕಷ್ಟ. ಜೆಪೆಗ್ 8×8 ಪಿಕ್ಸೆಲ್ ಚೌಕಗಳಲ್ಲಿ ಲೆಕ್ಕ ಹಾಕುತ್ತದೆ, ಬಣ್ಣವನ್ನು ಹೆಚ್ಚಾಗಿ ಅರ್ಧ ಸೂಕ್ಷ್ಮತೆಯಲ್ಲಿ ಉಳಿಸುತ್ತದೆ. ಹಾಗಾಗಿ ಕಿತ್ತಳೆ ಬಣ್ಣ ಕಣ್ಣಿಗೆ ಕಾಣುವುದಕ್ಕಿಂತ ದೂರ ಸೋರಿರುತ್ತದೆ. ಸಾಧ್ಯವಿದ್ದರೆ ಸ್ಕ್ಯಾನ್ ಮಾಡಿದವರಿಂದ ಟಿಫ್ ಕೇಳಿ ತೆಗೆದುಕೊಳ್ಳಿ.

ಮಬ್ಬು ಮಾಸ್ಕಿನ ಹೊರಗೆ ಉಳಿದರೆ ಎರಡೂ ವಿಧಾನ ಎಡವುತ್ತವೆ, ಆದರೆ ಬೇರೆ ಬೇರೆ ರೀತಿಯಲ್ಲಿ. ಪ್ಯಾಚ್ ವಿಧಾನ ಅಂಚಿನ ಕೆಂಪು ಮಬ್ಬನ್ನು ನೋಡಿ, ಇದಕ್ಕೆ ಹೋಲುವುದು ಎಲ್ಲಿದೆ ಅಂತ ಹುಡುಕುತ್ತದೆ. ಎಲ್ಲಿ ಸಿಗುತ್ತದೆ? ಇನ್ನೊಂದು ಅಂಕಿಯ ಅಂಚಿನಲ್ಲಿ! ನೀವು 9ನ್ನು ಮಾತ್ರ ಗುರುತು ಮಾಡಿ 4ನ್ನು ಆಮೇಲೆ ತೆಗೆಯೋಣ ಅಂತ ಬಿಟ್ಟಿದ್ದರೆ, 9ರ ಜಾಗಕ್ಕೆ 4ರ ಚೂರು ಬಂದು ಕೂರುತ್ತದೆ. ಅದಕ್ಕೇ ಒಂದೊಂದೇ ಅಂಕಿ ತೆಗೆಯಬೇಡಿ. ಇಡೀ ಸಾಲನ್ನು ಒಟ್ಟಿಗೆ ಮಾಸ್ಕ್ ಮಾಡಿ. ಡಿಫ್ಯೂಷನ್ ಮಾದರಿಗೆ ಅದೇ ಮಬ್ಬು ಒಂದು ಸುಳಿವಾಗುತ್ತದೆ. ಫೋಟೋದ ಕೆಳಮೂಲೆ, ಅಡ್ಡಸಾಲು, ಕಿತ್ತಳೆ ಮಬ್ಬು. ಇಲ್ಲಿ ಏನೋ ಬರಹ ಇರಬೇಕು ಅಂತ ತೀರ್ಮಾನಿಸಿ, ಯಾವ ಭಾಷೆಗೂ ಸೇರದ ಅಕ್ಷರದಂಥ ಗೀಚುಗಳನ್ನು ಬರೆದು ಕೊಡುತ್ತದೆ. ತೆಗೆಯಲು ಹೋದ ಬರಹ ಇನ್ನೊಂದು ವೇಷದಲ್ಲಿ ಬಂದರೆ ಮಾದರಿಯನ್ನು ಬೈಯುವ ಮೊದಲು ಮಾಸ್ಕಿನ ಅಂಚು ನೋಡಿ.

ಎಷ್ಟು ಅಗಲಿಸಬೇಕು? ಫೋಟೋವನ್ನು 300 ಶೇಕಡಾಕ್ಕೆ ಹಿಗ್ಗಿಸಿ, ಬಣ್ಣದ ಸಾಂದ್ರತೆಯನ್ನು ಪೂರ್ತಿ ಏರಿಸಿ ನೋಡಿ. ಆಗ ಮಬ್ಬು ಎಲ್ಲಿ ನಿಲ್ಲುತ್ತದೆ ಅನ್ನುವುದು ಎದ್ದು ಕಾಣುತ್ತದೆ. ನಿಮ್ಮದರಲ್ಲಿ ಗೆರೆಯ ಎರಡೂ ಬದಿ ಆರಾರು ಪಿಕ್ಸೆಲ್ ಸಾಕಾಯಿತು. ಅಂದರೆ 10 ಪಿಕ್ಸೆಲ್ ಗೆರೆಗೆ 22 ಪಿಕ್ಸೆಲ್ ತೂತು. ಬಣ್ಣ ನೋಡಿ ತಾನೇ ಆರಿಸುವ ಉಪಕರಣ ಜಮಖಾನದ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಸೆಯ ಮೇಲೆ ಬೇಡ. ಅದರ ಕೆಂಪು, ತಾರೀಕಿನ ಕೆಂಪು ಹತ್ತಿರ ಹತ್ತಿರ ಇವೆ. ಸೀರೆಯ ಚೌಕಗಳೂ ಮಾಸ್ಕಿಗೆ ಸೇರಿಬಿಡುತ್ತವೆ. ಅಲ್ಲಿ ಕೈಯಿಂದಲೇ ಬಿಡಿಸಿ.

ಇನ್ನೊಂದು ಮಾತು. ಪ್ಯಾಚ್ ವಿಧಾನಕ್ಕೆ ಮಾಸ್ಕ್ ಅಂಕಿಯ ಆಕಾರದಲ್ಲೇ ಇರಲಿ, ಇಡೀ ಸಾಲಿನ ಮೇಲೆ ಆಯತ ಎಳೆಯಬೇಡಿ. ಗೆರೆ ಗೆರೆಗಳ ನಡುವೆ ಉಳಿಯುವ ನಿಜವಾದ ಜಮಖಾನವೇ ಅದಕ್ಕೆ ದಾರಿ ತೋರಿಸುವುದು. ಡಿಫ್ಯೂಷನ್‌ಗೆ ಇದು ತಿರುಗಾ ಮುರುಗಾ ಆಗುತ್ತದೆ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಜಮಖಾನದ ಭಾಗವನ್ನು ನಾನು ಓಪನ್‌ಸಿವಿಯ ಹೆಚ್ಚುವರಿ ಭಾಗದಲ್ಲಿರುವ ಶಿಫ್ಟ್‌ಮ್ಯಾಪ್‌ನಿಂದ ಮಾಡಿ ನೋಡಿದೆ. ಇದು ಚೌಕಗಳು ಯಾವ ದಿಕ್ಕಿಗೆ, ಎಷ್ಟು ದೂರ ಸರಿಸಿದರೆ ತಮ್ಮಂತೆಯೇ ಇರುವ ಚೌಕದ ಮೇಲೆ ಕೂರುತ್ತವೆ ಅನ್ನುವುದನ್ನು ಮೊದಲು ಪತ್ತೆ ಮಾಡುತ್ತದೆ. ಆಮೇಲೆ ಅದೇ ಸರಿತದಿಂದ ತೂತು ತುಂಬುತ್ತದೆ. `opencv-contrib-python` ಹಾಕಿಕೊಂಡಿರಬೇಕು. ಇಡೀ ಫೋಟೋ ಕೊಡಬೇಡಿ, ಮೂಲೆಯ 1100×500 ತುಂಡು ಸಾಕು. ಹುಡುಕುವ ಜಾಗ ಹತ್ತಿರದಲ್ಲೇ ಇದ್ದರೆ ಬೆಳಕೂ ಹೊಂದುತ್ತದೆ.

```python
import cv2, numpy as np
img = cv2.imread("scan.tif")
roi = img[1900:2400, 2500:3600].copy()
mask = cv2.imread("mask.png", 0)   # ಅದೇ 1100×500 ತುಂಡಿನ ಮಾಸ್ಕ್: ಅಂಕಿ 255, ಉಳಿದದ್ದು 0
mask = cv2.dilate(mask, np.ones((13, 13), np.uint8))
lab = cv2.cvtColor(roi, cv2.COLOR_BGR2Lab)
out = np.zeros_like(lab)
cv2.xphoto.inpaint(lab, cv2.bitwise_not(mask), out,
                   cv2.xphoto.INPAINT_SHIFTMAP)
out = cv2.cvtColor(out, cv2.COLOR_Lab2BGR)
roi[mask > 0] = out[mask > 0]
img[1900:2400, 2500:3600] = roi
cv2.imwrite("out.tif", img)
```

ಇದರಲ್ಲಿ `bitwise_not` ಇರುವುದನ್ನು ಗಮನಿಸಿ. `cv2.inpaint` ನಲ್ಲಿ ಬಿಳಿ ಅಂದರೆ ತೆಗೆಯಬೇಕಾದ ಜಾಗ. `cv2.xphoto.inpaint` ನಲ್ಲಿ ಬಿಳಿ ಅಂದರೆ ಉಳಿಸಬೇಕಾದ ಜಾಗ. ಒಂದೇ ಗ್ರಂಥಾಲಯ, ಎರಡು ಪದ್ಧತಿ. ಉತ್ತರ ಏನೇನೋ ಬಂದರೆ ಮೊದಲು ಇದನ್ನೇ ನೋಡಿ. ಕೋಡ್ ಬೇಡ ಅನ್ನಿಸಿದರೆ ಫೋಟೋಶಾಪ್‌ನ ಕಂಟೆಂಟ್-ಅವೇರ್ ಫಿಲ್ ಕಿಟಕಿಯಲ್ಲಿ ಎಲ್ಲಿಂದ ನಕಲು ಮಾಡಬೇಕು ಅನ್ನುವ ಜಾಗವನ್ನು ಬ್ರಷ್‌ನಿಂದ ಹಚ್ಚಿ ತೋರಿಸಬಹುದು. ಜಮಖಾನವನ್ನಷ್ಟೇ ಹಚ್ಚಿ, ಸೀರೆಯನ್ನು ಬಿಡಿ. ಕೆಲಸ ಒಂದೇ.

ಜಮಖಾನದ ಮೇಲಿನ ನಾಲ್ಕು ಅಂಕಿ ಗುರುತೇ ಸಿಗದ ಹಾಗೆ ಹೋದವು. ನಿಮ್ಮ ಪ್ರಿಂಟು ಸಿಲ್ಕ್ ಕಾಗದದ್ದು. ಆ ಕಾಗದದ ಸಣ್ಣ ಸಣ್ಣ ಉಬ್ಬುಗಳು ಸ್ಕ್ಯಾನಿನಲ್ಲಿ ಬಂದಿವೆ. ಪ್ಯಾಚ್ ವಿಧಾನ ಆ ಉಬ್ಬುಗಳನ್ನೂ, ಫಿಲ್ಮಿನ ಕಾಳನ್ನೂ ಹಾಗೆಯೇ ಎತ್ತಿಕೊಂಡು ಬಂತು. ಅದಕ್ಕೆ ಕಾಗದ ಗೊತ್ತಿಲ್ಲ, ಫಿಲ್ಮ್ ಗೊತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ತಂದಿತು, ಅಷ್ಟೇ.

ಚೌಕುಳಿಯ ಮೇಲಿನ 1 ಮೊದಲ ಸಲ ಸರಿಯಾಗಲಿಲ್ಲ. ಒಂದು ಕಪ್ಪು ಗೆರೆ ನಡುವೆ ಎರಡು ಪಿಕ್ಸೆಲ್ ಜಿಗಿದು ಮೆಟ್ಟಿಲಿನ ಹಾಗಾಯಿತು. ಕಾರಣ ಸುಲಭ. ಸೀರೆ ಅಲ್ಲಿ ಮಡಿಕೆಯಾಗಿ ತಿರುಗಿದೆ. ಒಂದು ಚೌಕ ಆಚೆಗಿರುವ ಗೆರೆ ಸ್ವಲ್ಪ ಬೇರೆ ಕೋನದಲ್ಲಿದೆ. ಶಿಫ್ಟ್‌ಮ್ಯಾಪ್ ಸರಿಸಬಲ್ಲದು, ತಿರುಗಿಸಲಾರದು. ಆಗ ಕೈಯಿಂದ ಕ್ಲೋನ್ ಸ್ಟ್ಯಾಂಪ್ ಹಿಡಿದು, ಅದೇ ಮಡಿಕೆಯಲ್ಲಿ ಒಂದು ಚೌಕ ಮೇಲಿನ ಭಾಗದಿಂದ ನಕಲು ಮಾಡಿದೆ. ಮೂರು ನಿಮಿಷದ ಕೆಲಸ. ಕಂಟೆಂಟ್-ಅವೇರ್ ಫಿಲ್ ಕಿಟಕಿಯಲ್ಲಿ ತಿರುಗಿಸಲು ಬಿಡುವ ಆಯ್ಕೆಯೂ ಇದೆ, ಅದನ್ನೂ ಪ್ರಯತ್ನಿಸಬಹುದು.

ಉಳಿದದ್ದು ಗೆಜ್ಜೆ. ಇಲ್ಲಿ ಪ್ಯಾಚ್ ಕೈಚೆಲ್ಲಿತು. ಗೆಜ್ಜೆಯ ಅರ್ಧ ಗುಂಡಿಗೆ ಜಮಖಾನದ ತುಂಡು ಬಂದು ಅಂಟಿತು. ಇನ್ನೊಂದು ಕಾಲಿನ ಗೆಜ್ಜೆ ಫೋಟೋದಲ್ಲಿ ಇದೆ, ಆದರೆ ಅದು ಬೇರೆ ದಿಕ್ಕಿಗೆ ತಿರುಗಿದೆ. ಬೆಳಕು ಬೀಳುವ ಬದಿಯೂ ಬೇರೆ. ಅಂದರೆ 3ರ ಕೆಳಗೆ ಇದ್ದದ್ದು ಫೋಟೋದಲ್ಲಿ ಇನ್ನೆಲ್ಲೂ ಇಲ್ಲ. ಡಿಫ್ಯೂಷನ್‌ಗೆ ನ್ಯಾಯವಾದ ಜಾಗ ಇದು.

ಆದರೆ ನೇರವಾಗಿ ಇಡೀ ಫೋಟೋ ಕೊಟ್ಟರೆ ಏನಾಗುತ್ತದೆ ನೋಡಿ. ಹೆಚ್ಚು ಬಳಕೆಯಲ್ಲಿರುವ ಸ್ಟೇಬಲ್ ಡಿಫ್ಯೂಷನ್‌ನಂಥ ಮಾದರಿಗಳು ಪಿಕ್ಸೆಲ್ ಮೇಲೆ ಕೆಲಸ ಮಾಡುವುದಿಲ್ಲ. ಮೊದಲು ಫೋಟೋವನ್ನು ಕುಗ್ಗಿಸಿದ ಒಂದು ಸಂಕೇತಕ್ಕೆ ಬದಲಾಯಿಸುತ್ತವೆ. ಅದನ್ನು ಲೇಟೆಂಟ್ ಅನ್ನುತ್ತಾರೆ. 512×512 ಫೋಟೋ 64×64 ಮನೆಗಳ ಲೇಟೆಂಟ್ ಆಗುತ್ತದೆ. ಒಂದು ಮನೆ ಅಂದರೆ 8×8 ಪಿಕ್ಸೆಲ್. ಮೂರು ಬಣ್ಣ ಸೇರಿ 192 ಸಂಖ್ಯೆ ಇದ್ದದ್ದು ಅಲ್ಲಿ ಬರೀ 4 ಸಂಖ್ಯೆ ಆಗುತ್ತದೆ. ಮಾಸ್ಕ್ ಕೂಡ ಇದೇ 64×64ಕ್ಕೆ ಕುಗ್ಗುತ್ತದೆ.

ನಿಮ್ಮ 3600 ಪಿಕ್ಸೆಲ್ ಅಗಲವನ್ನು 512ಕ್ಕೆ ಇಳಿಸಿದರೆ ಏಳು ಪಟ್ಟು ಕುಗ್ಗಿತು. 70 ಪಿಕ್ಸೆಲ್ ಅಂಕಿ 10 ಪಿಕ್ಸೆಲ್ ಆಯಿತು, ಲೇಟೆಂಟಿನಲ್ಲಿ ಒಂದು ಮನೆಗಿಂತ ಸ್ವಲ್ಪ ಜಾಸ್ತಿ. ನೀವು ಜಾಗ್ರತೆಯಿಂದ ಬಿಡಿಸಿದ 22 ಪಿಕ್ಸೆಲ್ ಮಾಸ್ಕ್ 3 ಪಿಕ್ಸೆಲ್ ಆಯಿತು. ಎಂಟರಲ್ಲಿ ಒಂದು ಪಿಕ್ಸೆಲ್ ಮಾತ್ರ ಆರಿಸಿ ಮಾಸ್ಕ್ ಕುಗ್ಗಿಸಿದರೆ ಅದು ಅಲ್ಲಲ್ಲಿ ಮಾಯವೇ ಆಗುತ್ತದೆ. ಮಾಸ್ಕ್ ಮಾಯವಾದ ಕಡೆ ಅಂಕಿಯ ಚೂರು ಉಳಿಯುತ್ತದೆ. ಮಾಸ್ಕ್ ಉಳಿದ ಕಡೆಯೂ ಒಂದು ಮನೆಯಲ್ಲಿ ಗೆಜ್ಜೆ, ಜಮಖಾನ, ಕಿತ್ತಳೆ ಮೂರೂ ಕಲಸಿಹೋಗಿರುತ್ತವೆ. ಸಣ್ಣ ಬರಹದ ವಿಷಯದಲ್ಲಿ ಡಿಫ್ಯೂಷನ್ ಸೋಲುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಅದಕ್ಕೆ ಬುದ್ಧಿ ಸಾಲದು ಅಂತಲ್ಲ, ನಾವು ಕೊಟ್ಟ ಅಳತೆಯಲ್ಲಿ ಅಕ್ಷರ ಅದರ ಕಣ್ಣಿಗೆ ಬೀಳುವಷ್ಟೂ ಇಲ್ಲ.

ಹಾಗಾಗಿ ಕತ್ತರಿಸಿ ಕೊಡಬೇಕು. 3ರ ಸುತ್ತ 256×256 ಪಿಕ್ಸೆಲ್ ತುಂಡು ತೆಗೆದು, ಎರಡು ಪಟ್ಟು ಹಿಗ್ಗಿಸಿ 512×512 ಮಾಡಿ. ಈಗ ಅಂಕಿ 140 ಪಿಕ್ಸೆಲ್ ಎತ್ತರ ಆಯಿತು, ಲೇಟೆಂಟಿನಲ್ಲಿ 17 ಮನೆ. ಮಾದರಿಗೆ ಕೆಲಸ ಮಾಡಲು ಜಾಗ ಸಿಕ್ಕಿತು. ಇಂಥ ಮಾದರಿಗಳನ್ನು ಓಡಿಸುವ ಡಿಫ್ಯೂಸರ್ಸ್ ಗ್ರಂಥಾಲಯದಲ್ಲಿ ಇದೇ ಕೆಲಸಕ್ಕೆ `padding_mask_crop` ಇದೆ. ಮಾಸ್ಕನ್ನು ಇಲ್ಲಿ ದಪ್ಪ ಮಾಡಿ. ಗೆರೆ ಗೆರೆ ಬೇಡ, ಇಡೀ 3ನ್ನು ಮುಚ್ಚುವ ಒಂದೇ ಗುಂಡನೆ ಮುದ್ದೆ ಸಾಕು. ಪ್ಯಾಚ್‌ಗೆ ತೆಳು ಮಾಸ್ಕ್, ಡಿಫ್ಯೂಷನ್‌ಗೆ ದಪ್ಪ ಮಾಸ್ಕ್ ಅಂದದ್ದು ಈ ಮನೆಗಳ ಲೆಕ್ಕದಿಂದ. ಸುತ್ತಲೂ ಕನಿಷ್ಠ ಇಡೀ ಗೆಜ್ಜೆ ಕಾಣುವಷ್ಟು ಜಾಗವನ್ನು ತುಂಡಿನಲ್ಲಿ ಉಳಿಸಿಕೊಳ್ಳಿ. ಬರೀ ಮೂರು ಗುಂಡಿ ಕಂಡರೆ ಅದು ಹಣ್ಣು ಅಂದುಕೊಂಡರೂ ಅಂದುಕೊಳ್ಳಬಹುದು.

ಬಂದ ಉತ್ತರವನ್ನು ಹಾಗೆಯೇ ಇಟ್ಟುಕೊಳ್ಳಬೇಡಿ. ಲೇಟೆಂಟಿಗೆ ಹೋಗಿ ವಾಪಸ್ ಬರುವಾಗ ತುಂಡಿನ ಎಲ್ಲಾ ಪಿಕ್ಸೆಲ್ ಸ್ವಲ್ಪ ಸ್ವಲ್ಪ ಬದಲಾಗಿರುತ್ತವೆ. ನೀವು ಮುಟ್ಟಬೇಡ ಅಂದ ಕಡೆಯೂ. ಮುಖ ಇದ್ದರೆ ಕಣ್ಣಿನ ಹೊಳಪು ಬದಲಾಗುತ್ತದೆ, ಕಾಗದದ ಉಬ್ಬು ಮಾಸುತ್ತದೆ. ಅದಕ್ಕೇ ಮಾಸ್ಕಿನ ಒಳಗಿನದನ್ನು ಮಾತ್ರ ತೆಗೆದು, ಅಂಚನ್ನು ನಾಲ್ಕೈದು ಪಿಕ್ಸೆಲ್ ಮಸುಕು ಮಾಡಿ, ಮೂಲ ಸ್ಕ್ಯಾನಿನ ಮೇಲೆ ಅಂಟಿಸಿ. ಸರಿಯಾಗಿ ಅಂಟಿಸಿದ್ದೀರಾ ಅಂತ ತಿಳಿಯುವುದು ಸುಲಭ. ಮೂಲದಿಂದ ಹೊಸದನ್ನು `cv2.absdiff` ಮೂಲಕ ಕಳೆಯಿರಿ. ಮಾಸ್ಕ್ ಮತ್ತು ಆ ಮಸುಕು ಅಂಚಿನ ಆಚೆ ಎಲ್ಲವೂ ಸೊನ್ನೆ, ಅಂದರೆ ಕಪ್ಪು ಕಾಣಬೇಕು. ಕಾಣದಿದ್ದರೆ ಎಲ್ಲೋ ತಪ್ಪಿದೆ. ಇಷ್ಟಾದ ಮೇಲೂ ತುಂಬಿದ ಜಾಗ ಸುತ್ತಲಿಗಿಂತ ನುಣುಪಾಗಿರುತ್ತದೆ. ಫಿಲ್ಮಿನ ಕಾಳು ಅದಕ್ಕೆ ಬಂದಿರುವುದಿಲ್ಲ. ಹತ್ತಿರದ ಮಾಸಲು ಬಯಲಿನಿಂದ ಕಾಳನ್ನು ಎತ್ತಿ ಅದರ ಮೇಲೆ ಬೆರೆಸಬೇಕು.

ಈಗ ನನಗೆ ಮನಸ್ಸಿನಲ್ಲಿ ಕೊರೆಯುವ ವಿಷಯ. ಕೆಲವು ವರ್ಷದ ಹಿಂದೆ ದಾದರಿನಲ್ಲಿ ಒಂದು ಕುಟುಂಬಕ್ಕೆ ಅಜ್ಜಿಯೊಬ್ಬರ ಫೋಟೋ ಸರಿ ಮಾಡಿಕೊಟ್ಟೆ. ತಾರೀಕು ಅಜ್ಜಿಯ ಮುಂಗೈ ಮೇಲೆ ಬಿದ್ದಿತ್ತು. ಡಿಫ್ಯೂಷನ್ ಅದನ್ನು ಬಹಳ ಅಂದವಾಗಿ ತುಂಬಿತು. ಬಳೆ, ಚರ್ಮದ ನೆರಿಗೆ, ನೆರಳು ಎಲ್ಲ. ಫೋಟೋ ನೋಡಿದ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ಯಾವತ್ತೂ ನಾಲ್ಕೇ ಬಳೆ ಹಾಕ್ತಾ ಇದ್ರು. ಇಲ್ಲಿ ಐದು ಇದೆ" ಅಂದರು. ನನಗೆ ತುಂಬಾ ನೋವಾಯಿತು. ಅವರ ಅಮ್ಮನ ಕೈಗೆ ಇಲ್ಲದ ಬಳೆ ತೊಡಿಸಿದ್ದೆ. ಅದನ್ನು ಕಂಡು ಹಿಡಿಯಲು ಮಗಳೇ ಬೇಕಾಯಿತು. ಪ್ಯಾಚ್ ತಪ್ಪಿದರೆ ಅದು ಕಣ್ಣಿಗೆ ಹೊಡೆಯುತ್ತದೆ: ಗೆರೆ ಮುರಿದಿರುತ್ತದೆ, ಒಂದೇ ಕಲೆ ಎರಡು ಸಲ ಇರುತ್ತದೆ. ಡಿಫ್ಯೂಷನ್ ತಪ್ಪಿದರೆ ಅದು ನಿಜದ ಹಾಗೆಯೇ ಕಾಣುತ್ತದೆ.

ಅಂದಿನಿಂದ ನಾನು ಒಂದು ಕೆಲಸ ತಪ್ಪದೆ ಮಾಡುತ್ತೇನೆ. ತುಂಬುವ ಮೊದಲು ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರೆ ಬೇರೆ ತೆರೆದು ನೋಡುತ್ತೇನೆ. ತಾರೀಕಿನ ದೀಪ ಕಿತ್ತಳೆ. ಅದರಲ್ಲಿ ನೀಲಿ ಬೆಳಕು ತೀರಾ ಕಡಿಮೆ. ಹಾಗಾಗಿ ಕೆಂಪು ಚಾನೆಲ್‌ನಲ್ಲಿ ಅಂಕಿ ಸುಟ್ಟು ಬೆಳ್ಳಗಾಗಿದ್ದರೂ, ನೀಲಿಯಲ್ಲಿ ಎಷ್ಟೋ ಸಲ ಅಡಿಯ ಚಿತ್ರ ಮಸುಕಾಗಿ ಉಳಿದಿರುತ್ತದೆ. ನಮ್ಮ ಮುಂಬಯಿಯ ಹವೆಗೆ ಹಳದಿ ತಿರುಗಿದ ಪ್ರಿಂಟುಗಳಲ್ಲಿ ನೀಲಿ ಚಾನೆಲ್ ಕಾಳುಕಾಳಾಗಿ, ಕತ್ತಲೆಯಾಗಿ ಇರುತ್ತದೆ. ಕಾಂಟ್ರಾಸ್ಟ್ ಏರಿಸಿ ನೋಡಬೇಕು.

ನಿಮ್ಮ ಫೋಟೋದ ನೀಲಿಯಲ್ಲಿ 3ರ ಕೆಳಗೆ ಮೂರು ಗುಂಡಿಗಳ ಆಕಾರ ಸ್ಪಷ್ಟವಾಗಿಯೇ ಇದೆ. ಡಿಫ್ಯೂಷನ್‌ನಿಂದ ನಾಲ್ಕು ಬೇರೆ ಬೇರೆ ಉತ್ತರ ತೆಗೆಸಿದೆ. ಎರಡರಲ್ಲಿ ನಾಲ್ಕು ಗುಂಡಿ ಬಂದಿದ್ದವು. ಒಂದರಲ್ಲಿ ಮೂರಿದ್ದರೂ ಗೆಜ್ಜೆಯ ಪಟ್ಟಿ ಕಾಲಿಗೆ ಸೇರುವ ಜಾಗ ಕೆಳಗೆ ಜಾರಿತ್ತು. ಒಂದು ಮಾತ್ರ ನೀಲಿ ಚಾನೆಲ್ ಮೇಲೆ ಇಟ್ಟು ನೋಡಿದಾಗ ಗುಂಡಿಗೆ ಗುಂಡಿ ಕೂತಿತು. ಅದರ ಬಣ್ಣವನ್ನು ಮಾತ್ರ ತೆಗೆದುಕೊಂಡು, ಬೆಳಕು ನೆರಳಿನ ವಿವರವನ್ನು ನೀಲಿ ಚಾನೆಲ್‌ನಿಂದಲೇ ತಂದೆ. ಹೀಗಾಗಿ ಆ ಗೆಜ್ಜೆಯ ಆಕಾರ ನಿಮ್ಮ ತಂದೆಯವರು ಕಟ್ಟಿದ್ದ ಗೆಜ್ಜೆಯದ್ದೇ. ಬಣ್ಣ ಮಾತ್ರ ಊಹೆ. ಉಳಿದ ಫೋಟೋಗಳಲ್ಲೂ ತಾರೀಕು ಕೈ, ಮುಖ, ಕಿರೀಟ, ಒಡವೆಯ ಮೇಲೆ ಬಿದ್ದಿದ್ದರೆ ಇದೇ ಕ್ರಮ ಅನುಸರಿಸಿ. ನೀಲಿಯಲ್ಲೂ ಏನೂ ಉಳಿದಿಲ್ಲ ಅಂದರೆ, ನಾನಾಗಿದ್ದರೆ ಆ ಒಂದು ಅಂಕಿಯನ್ನು ಹಾಗೆಯೇ ಬಿಡುತ್ತೇನೆ.

ಕಡೆಯದಾಗಿ ತಾರೀಕಿನ ವಿಷಯ. ಅದು ಕಲೆ ನಿಜ, ಆದರೆ ಮಾಹಿತಿಯೂ ಹೌದು. ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ. ಕ್ಯಾಮೆರಾಗಳು ವರ್ಷ-ತಿಂಗಳು-ದಿನ, ತಿಂಗಳು-ದಿನ-ವರ್ಷ, ದಿನ-ತಿಂಗಳು-ವರ್ಷ ಹೀಗೆ ಮೂರು ಕ್ರಮದಲ್ಲೂ ಹಾಕುತ್ತಿದ್ದವು. ಮೇಲಿನ ಸಣ್ಣ ಕೊಂಬಿನ ಗುರುತು ವರ್ಷದ್ದು. ನಿಮ್ಮದರಲ್ಲಿ 13 ತಿಂಗಳಾಗಲು ಸಾಧ್ಯವಿಲ್ಲ, ಆದ್ದರಿಂದ 1994ರ ನವೆಂಬರ್ 13. ಬ್ಯಾಟರಿ ತೆಗೆದು ಹಾಕಿದಾಗ ಸರಿ ಮಾಡದೆ ಬಿಟ್ಟ ಕ್ಯಾಮೆರಾಗಳು ತಪ್ಪು ತಾರೀಕು ಹಾಕುತ್ತಿದ್ದವು. ಹಾಗಾಗಿ ವಾರ ನೋಡಿದೆ. ಅದು ಭಾನುವಾರ. ಕೆಲಸ ಮಾಡಿಕೊಂಡು ಆಟ ಕಟ್ಟುತ್ತಿದ್ದ ಮುಂಬಯಿಯವರಿಗೆ ಭಾನುವಾರವೇ ಸಿಗುತ್ತಿದ್ದದ್ದು, ಅಲ್ವಾ? ನಂಬಬಹುದು ಅನ್ನಿಸುತ್ತದೆ. ಓಪನ್‌ಸಿವಿ ಉಳಿಸುವ ಕಡತದಲ್ಲಿ ಹಳೇ ಮೆಟಾಡೇಟಾ ಉಳಿಯುವುದಿಲ್ಲ, ಎಲ್ಲ ಮುಗಿದ ಮೇಲೆ ಹೀಗೆ ಸೇರಿಸಿ:

```
exiftool -DateTimeOriginal="1994:11:13 00:00:00" out.tif
```

ಮೂಲ ಸ್ಕ್ಯಾನ್‌ಗಳನ್ನು ಬೇರೆ ಫೋಲ್ಡರಿನಲ್ಲಿ, ತಾರೀಕು ಇದ್ದ ಹಾಗೆಯೇ ಇಟ್ಟಿರಿ. 200 ಫೋಟೋವನ್ನು ಮೊದಲು ಮೂರು ಗುಂಪು ಮಾಡಿಕೊಳ್ಳಿ: ತಾರೀಕು ನೆಲ, ಗೋಡೆ, ಪರದೆಯ ಮೇಲಿರುವುದು, ಬಟ್ಟೆಯ ಮೇಲಿರುವುದು, ಮನುಷ್ಯರ ಮೈ ಅಥವಾ ಒಡವೆಯ ಮೇಲಿರುವುದು. ಮೊದಲ ಗುಂಪನ್ನು ಮೇಲಿನ ಕೋಡಿನಿಂದ ಒಂದು ಭಾನುವಾರದಲ್ಲಿ ಮುಗಿಸಬಹುದು. ಮೂರನೆಯ ಗುಂಪನ್ನು ತೆರೆಯುವಾಗ ಮನೆಯಲ್ಲಿ ಆ ಮೇಳದವರನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ, ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.